ಎರಡನೇ ಬೀಗ ನೀವು ಹಾಕದಿದ್ದರೆ ಕಳ್ಳನೇ ಹಾಕುತ್ತಾನೆ

2022ರ ನವೆಂಬರ್‌ನಲ್ಲಿ ಅಮೆರಿಕದ ಡ್ರಾಫ್ಟ್‌ಕಿಂಗ್ಸ್ ಎಂಬ ಬೆಟ್ಟಿಂಗ್ ಕಂಪನಿಯ ಕೆಲವು ಗ್ರಾಹಕರ ಖಾತೆಗೆ ಎಲ್ಲಿಂದಲೋ 5 ಡಾಲರ್ ಬಂದು ಬಿತ್ತು. ಹಣ ಬಂದಿದೆ ಅಂದರೆ ಯಾರು ಹೆದರುತ್ತಾರೆ ಹೇಳಿ? ಆದರೆ ಹೆದರಬೇಕಾಗಿದ್ದದ್ದೇ ಅಲ್ಲಿ. ಕಳ್ಳರು ಖಾತೆಯೊಳಗೆ ನುಗ್ಗಿ, ತಮ್ಮದೇ ಒಂದು ಪಾವತಿ ದಾರಿಯನ್ನು ಸೇರಿಸಿ, ಅದು ಕೆಲಸ ಮಾಡುತ್ತದೆ ಎಂದು ತೋರಿಸಲು ಅದರಿಂದ ಆ 5 ಡಾಲರ್ ಜಮೆ ಮಾಡುತ್ತಿದ್ದರು. ಆಮೇಲೆ ಖಾತೆಯಲ್ಲಿದ್ದ ಅಷ್ಟೂ ಹಣವನ್ನು ಅದೇ ದಾರಿಯಲ್ಲಿ ಹೊರಗೆ ಎಳೆದುಕೊಳ್ಳುತ್ತಿದ್ದರು. ಸುಮಾರು 1,600 ಖಾತೆಗಳಿಂದ ಸುಮಾರು 6 ಲಕ್ಷ ಡಾಲರ್ ಹೀಗೆ ಹೋಯಿತು ಎಂದು ಆ ದೇಶದ ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ಮೊದಲು ಸಿಕ್ಕಿಬಿದ್ದ ಯುವಕನಿಗೆ 18 ತಿಂಗಳ ಜೈಲಾಯಿತು.

ಇಲ್ಲಿ ಎರಡು ವಿಷಯ ಗಮನಿಸಿ. ಆ ಪಾಸ್‌ವರ್ಡ್‌ಗಳು ಬೇರೆ ಯಾವುದೋ ವೆಬ್‌ಸೈಟುಗಳಿಂದ ಹಿಂದೆಂದೋ ಸೋರಿದ್ದವು. ಅದೇ ಇಮೇಲ್, ಅದೇ ಪಾಸ್‌ವರ್ಡ್ ಜೋಡಿಗಳನ್ನು ಒಂದು ಪ್ರೋಗ್ರಾಂಗೆ ಕೊಟ್ಟು ಇಲ್ಲೂ ತೆರೆಯುತ್ತದಾ ಎಂದು ಸಾಲಾಗಿ ನೋಡಿದ್ದರು, ಅಷ್ಟೇ. ಎರಡನೆಯದು ಇನ್ನೂ ಮುಖ್ಯ. ಒಳಗೆ ಹೋದ ಕಳ್ಳರು ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಟೂ-ಫ್ಯಾಕ್ಟರ್ ಭದ್ರತೆಯನ್ನು ತಮ್ಮ ಫೋನ್ ನಂಬರಿಗೆ ಆನ್ ಮಾಡಿಬಿಡುತ್ತಿದ್ದರು. ಖಾತೆಯ ನಿಜವಾದ ಯಜಮಾನ ಹೊರಗೆ ನಿಂತು ಬಾಗಿಲು ಬಡಿಯಬೇಕಾಯಿತು. ಹಾಗಾಗಿ ಎರಡನೇ ಬೀಗ ಇರಲಿ ಬೇಡ ಎನ್ನುವ ಆಯ್ಕೆ ನಿಜವಾಗಿ ನಮಗಿಲ್ಲ. ಅದನ್ನು ಯಾರು ಮೊದಲು ಹಾಕುತ್ತಾರೆ ಅನ್ನುವುದಷ್ಟೇ ಪ್ರಶ್ನೆ.

ಮೊದಲು ಇಮೇಲ್, ಆಮೇಲೆ ಬೆಟ್ಟಿಂಗ್ ಖಾತೆ

ಜಾಸ್ತಿ ಜನ ನೇರ ಬೆಟ್ಟಿಂಗ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ಆ ಖಾತೆಗೆ ಕೊಟ್ಟಿರುವ ಇಮೇಲ್ ಭದ್ರ ಮಾಡಿ. "ಪಾಸ್‌ವರ್ಡ್ ಮರೆತಿದ್ದೀರಾ" ಎಂದು ಒತ್ತಿದರೆ ಲಿಂಕ್ ಬರುವುದು ಅಲ್ಲಿಗೇ ಅಲ್ವಾ? ಇಮೇಲ್ ಕಳ್ಳನ ಕೈಲಿದ್ದರೆ ಬೆಟ್ಟಿಂಗ್ ಖಾತೆಗೆ ಎಂಥ ಪಾಸ್‌ವರ್ಡ್ ಇಟ್ಟರೂ ಅವನು ಬದಲಿಸಿಕೊಳ್ಳುತ್ತಾನೆ. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಿ, ಬೇರೆಲ್ಲೂ ಬಳಸದೆ ಇರುವಂಥದ್ದು. ನೆನಪಿಟ್ಟುಕೊಳ್ಳುವ ಕೆಲಸವನ್ನು, ಪಾಸ್‌ವರ್ಡ್‌ಗಳನ್ನು ಕಾಪಾಡಿಟ್ಟು ಬೇಕಾದಾಗ ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್‌ಗೆ ಬಿಡಿ. ಅದರಿಂದ ಇನ್ನೊಂದು ಉಪಕಾರವೂ ಇದೆ, ಮುಂದೆ ಹೇಳುತ್ತೇನೆ.

ಈಗ ಬೆಟ್ಟಿಂಗ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ ಟೂ-ಫ್ಯಾಕ್ಟರ್ ಆನ್ ಮಾಡಿ. ಎಸ್ಸೆಮ್ಮೆಸ್ಸಾ, ಅಥೆಂಟಿಕೇಟರ್ ಆ್ಯಪ್ಪಾ ಎಂದು ಕೇಳಿದರೆ ಆ್ಯಪ್ ಎನ್ನಿ. ಎಸ್ಸೆಮ್ಮೆಸ್ ನಿಮ್ಮ ಸಿಮ್ಮನ್ನು ನಂಬಿ ಕೂತಿರುತ್ತದೆ. ಮೊಬೈಲ್ ಕಂಪನಿಯವರನ್ನು ಏಮಾರಿಸಿ ನಿಮ್ಮ ನಂಬರಿನ ಹೊಸ ಸಿಮ್ ತೆಗೆದುಕೊಂಡವನಿಗೆ ಕೋಡುಗಳೆಲ್ಲ ಹೋಗುತ್ತವೆ. ಆ್ಯಪ್ ಹಾಗಲ್ಲ. ನೀವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಅಕ್ಷರಸಾಲು ನಿಮ್ಮ ಫೋನಿಗೆ ಬಂದು ಕೂರುತ್ತದೆ. ಅದನ್ನೂ ಆ ಹೊತ್ತಿನ ಗಡಿಯಾರವನ್ನೂ ಸೇರಿಸಿ ಲೆಕ್ಕ ಹಾಕಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ 6 ಅಂಕಿ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಕೋಡ್ ಸರಿಯಾಗಿ ಹಾಕಿದರೂ ಮತ್ತೆ ಮತ್ತೆ ತಪ್ಪು ಎಂದು ಬಂದರೆ ಮೊದಲು ಫೋನಿನ ಗಡಿಯಾರ ನೋಡಿ. ಸಮಯ ತಾನಾಗಿಯೇ ಹೊಂದಿಕೊಳ್ಳುವ ಆಯ್ಕೆ ಆಫ್ ಆಗಿ, ಒಂದೆರಡು ನಿಮಿಷ ಹಿಂದುಮುಂದಾಗಿದ್ದರೂ ಕೋಡ್ ಹೊಂದುವುದಿಲ್ಲ.

ಆನ್ ಮಾಡುವಾಗ, ಫೋನ್ ಕೈಲಿಲ್ಲದ ದಿನ ಬಳಸಲೆಂದು ಕೆಲವು ಬ್ಯಾಕಪ್ ಕೋಡುಗಳನ್ನು ತೋರಿಸುತ್ತಾರೆ. ಅವನ್ನು ಕಾಗದದ ಮೇಲೆ ಬರೆದು ಎತ್ತಿಡಿ. ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನ ಗ್ಯಾಲರಿಯಲ್ಲಿ ಇಡಬೇಡಿ. ಫೋನ್ ಕಳೆದ ದಿನ ಕೋಡೂ ಅದರ ಜೊತೆಗೇ ಹೋಗಿರುತ್ತದೆ. ಹಣ ತೆಗೆಯುವಾಗಲೂ ಕೋಡ್ ಕೇಳು ಎನ್ನುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ.

ಕೋಡನ್ನೇ ಕೇಳಿ ಪಡೆಯುವ ಮೋಸ

ಟೂ-ಫ್ಯಾಕ್ಟರ್ ಹಾಕಿಕೊಂಡವರೂ ಬೀಳುವ ಗುಂಡಿ ಒಂದಿದೆ. ನನ್ನ ಗೆಳೆಯನೊಬ್ಬ ಅದರಲ್ಲೇ ಬಿದ್ದದ್ದು. ಅವನು ಆ ದಿನ ಮಧ್ಯಾಹ್ನ ನಿಜವಾಗಿಯೂ ಹಣ ತೆಗೆಯಲು ಕೋರಿಕೆ ಹಾಕಿದ್ದ. ರಾತ್ರಿ ಒಂದು ಮೆಸೇಜ್ ಬಂತು. "ನಿಮ್ಮ ವಿತ್‌ಡ್ರಾವಲ್ ತಡೆಹಿಡಿಯಲಾಗಿದೆ. 2 ಗಂಟೆಯೊಳಗೆ ಗುರುತು ಖಚಿತಪಡಿಸಿ." ಕಳುಹಿಸಿದವರಿಗೆ ಅವನ ಕೋರಿಕೆ ಗೊತ್ತಿರಲಿಲ್ಲ. ಸಾವಿರಾರು ಜನರಿಗೆ ಅದೇ ಮೆಸೇಜ್ ಹೋಗಿರುತ್ತದೆ. ಅವರಲ್ಲಿ ಹಣಕ್ಕೆ ಕಾಯುತ್ತಿರುವವರು ಕೆಲವರಾದರೂ ಇದ್ದೇ ಇರುತ್ತಾರೆ. ಬೆಟ್ಟಿಂಗ್ ಖಾತೆಗೆ ಬೀಸುವ ಬಲೆಯೆಲ್ಲ ಹೀಗೆಯೇ ಇರುತ್ತದೆ. ಗೆದ್ದ ಹಣ ನಿಂತಿದೆ ಅನ್ನುತ್ತದೆ, ಇಲ್ಲವೇ ಉಚಿತ ಬೆಟ್ ಈ ಪಂದ್ಯ ಶುರುವಾಗುವ ಮುನ್ನ ಮುಗಿಯುತ್ತದೆ ಅನ್ನುತ್ತದೆ.

ಲಿಂಕ್ ಒತ್ತಿದ. ಪುಟ ಅಸಲಿಯ ಹಾಗೆಯೇ ಇತ್ತು. ಪಾಸ್‌ವರ್ಡ್ ಹಾಕಿದ, ಕೋಡ್ ಹಾಕಿದ. "ಕೋಡ್ ತಪ್ಪಾಗಿದೆ, ಹೊಸ ಕೋಡ್ ಹಾಕಿ" ಎಂದು ಬಂತು. ಅದನ್ನೂ ಹಾಕಿದ. ಇಲ್ಲಿ ಆಗಿದ್ದೇನೆಂದರೆ, ನಕಲಿ ಪುಟ ಅವನು ಟೈಪ್ ಮಾಡಿದ್ದನ್ನೆಲ್ಲ ಆ ಕ್ಷಣದಲ್ಲೇ ಅಸಲಿ ಸೈಟಿಗೆ ದಾಟಿಸುತ್ತಿತ್ತು. ಮೊದಲ ಕೋಡ್ ತಪ್ಪಾಗಿರಲೇ ಇಲ್ಲ, ಅದರಿಂದ ಕಳ್ಳ ಲಾಗಿನ್ ಆಗಿದ್ದ. ಎರಡನೆಯದು ಕಳ್ಳನ ಹೊಸ ವ್ಯಾಲೆಟ್ ಸೇರಿಸುವುದಕ್ಕೆ ಬೇಕಾಗಿತ್ತು. ಸರಿಯಾಗಿ ಹಾಕಿದ ಕೋಡನ್ನು ಲಿಂಕ್‌ನಿಂದ ತೆರೆದ ಪುಟ ತಪ್ಪು ಎಂದರೆ ಅಲ್ಲಿಗೇ ಕೈ ನಿಲ್ಲಿಸಿ. ಆ್ಯಪ್‌ನಲ್ಲಿ ಬರುವ ಕೋಡಿಗೆ ಅದನ್ನು ಯಾರು ಹಾಕುತ್ತಿದ್ದಾರೆ, ಯಾವ ಪುಟದಲ್ಲಿ ಹಾಕುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ. ಅದರ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ.

ಹಾಗಾದರೆ ನಕಲಿ ಎಂದು ಗೊತ್ತಾಗುವುದು ಹೇಗೆ? ವಿಳಾಸ ಓದುವುದನ್ನು ಕಲಿಯಬೇಕು. ಅಸಲಿ ಸೈಟು `example.com` ಎಂದುಕೊಳ್ಳಿ. ಈ ಎರಡನ್ನು ನೋಡಿ.

```
https://login.example.com/withdraw
https://example.com.login.example.net/withdraw
```

`https://` ಆದ ಮೇಲೆ ಬರುವ ಮೊದಲ ಓರೆಗೆರೆ ಎಲ್ಲಿದೆ ಹುಡುಕಿ. ಅಲ್ಲಿಂದ ಎಡಕ್ಕೆ ಓದಿ. ಮೊದಲನೆಯದರಲ್ಲಿ ಸಿಗುವುದು `example.com`, ಸರಿ. ಎರಡನೆಯದರಲ್ಲಿ ಸಿಗುವುದು `example.net`. ಅದು ಬೇರೆಯವರ ಜಾಗ, ಅದರ ಮುಂದೆ ಕಂಪನಿಯ ಹೆಸರನ್ನು ಸುಮ್ನೆ ಅಂಟಿಸಿದ್ದಾರೆ. ಫೋನಿನ ಸಣ್ಣ ಪರದೆಯಲ್ಲಿ ಉದ್ದದ ವಿಳಾಸದ ಒಂದು ತುಂಡಷ್ಟೇ ಕಾಣುವುದುಂಟು, ಅದೇ ಅವರಿಗೆ ಅನುಕೂಲ. ಪಕ್ಕದಲ್ಲಿ ಬೀಗದ ಚಿತ್ರ ಕಂಡರೆ ಅದನ್ನು ನಂಬಬೇಡಿ. ಅದು ಸಂಪರ್ಕ ಗುಟ್ಟಾಗಿದೆ ಎನ್ನುತ್ತದೆ, ಆ ಕಡೆ ಇರುವವನು ಯಾರು ಎಂದು ಹೇಳುವುದಿಲ್ಲ.

ಪಾಸ್‌ವರ್ಡ್ ಮ್ಯಾನೇಜರ್‌ನ ಇನ್ನೊಂದು ಉಪಕಾರ ಎಂದೆನಲ್ಲ, ಅದು ಇದೇ. ಅದು ಪುಟದ ಚಂದ ನೋಡುವುದಿಲ್ಲ, ವಿಳಾಸ ನೋಡುತ್ತದೆ. ವಿಳಾಸ ಬೇರೆಯಾಗಿದ್ದರೆ ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ಯಾವಾಗಲೂ ತುಂಬುತ್ತಿದ್ದದ್ದು ಇವತ್ತು ತುಂಬಲಿಲ್ಲ ಅಂದರೆ ನೀವು ಕೈಯಾರೆ ಟೈಪ್ ಮಾಡಲು ಹೋಗಬೇಡಿ. ಪುಟ ಮುಚ್ಚಿ, ಬೆಟ್ಟಿಂಗ್ ಆ್ಯಪ್ ತೆರೆದು ನೋಡಿ. ಪಾಸ್‌ವರ್ಡ್ ಬದಲು ಬೆರಳಚ್ಚಿನಿಂದಲೋ ಫೋನಿನ ಲಾಕ್‌ನಿಂದಲೋ ಒಳಗೆ ಬಿಡುವ ಪಾಸ್‌ಕೀ ಸೌಲಭ್ಯ ಸೈಟಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಅದು ವಿಳಾಸಕ್ಕೇ ಕಟ್ಟಿಕೊಂಡಿರುವುದರಿಂದ ನಕಲಿ ಪುಟಕ್ಕೆ ನೀವು ಕೊಡಬೇಕೆಂದರೂ ಕೊಡಲು ಬರುವುದಿಲ್ಲ.

ಖಾತೆ ಹೋಗಿಬಿಟ್ಟರೆ

ಗೆಳೆಯ ನನಗೆ ಫೋನ್ ಮಾಡಿದಾಗ ಅವನ ಇಮೇಲಿಗೆ ಒಂದೇ ಸಮನೆ ಯಾವ್ಯಾವುದೋ ಸುದ್ದಿಪತ್ರಿಕೆಗಳ ಚಂದಾ ಮೆಸೇಜುಗಳು ಬಂದು ಬೀಳುತ್ತಿದ್ದವು. ಇದೂ ಕಳ್ಳರ ಹಳೇ ಉಪಾಯ. ನೂರಾರು ಕಸದ ಮೇಲ್‌ಗಳ ನಡುವೆ "ಹೊಸ ಪಾವತಿ ದಾರಿ ಸೇರಿಸಲಾಗಿದೆ" ಎನ್ನುವ ಒಂದು ಮೇಲ್ ಮುಳುಗಿಹೋಗಲಿ ಎಂದು. ಅವನ್ನೆಲ್ಲ ಒಟ್ಟಿಗೆ ಅಳಿಸಬೇಡ ಎಂದೆ. ಕಂಪನಿಯ ಹೆಸರು ಹಾಕಿ ಹುಡುಕಿದೆವು. ಇನ್‌ಬಾಕ್ಸ್‌ನಲ್ಲಿ ಏನೂ ಇಲ್ಲ. ಇಮೇಲ್ ಸೆಟ್ಟಿಂಗ್ಸ್‌ನ ಫಿಲ್ಟರ್‌ಗಳಿಗೆ ಹೋಗಿ ನೋಡಿದರೆ ಅಲ್ಲಿ ಅವನು ಮಾಡದ ಒಂದು ಫಿಲ್ಟರ್ ಕೂತಿತ್ತು, ಆ ಕಂಪನಿಯಿಂದ ಬರುವುದೆಲ್ಲ ನೇರ ಕಸದಬುಟ್ಟಿಗೆ. ಇಮೇಲಿಗೂ ಅದೇ ಪಾಸ್‌ವರ್ಡ್ ಇಟ್ಟಿದ್ದ ಪಾಪ.

ಆದ್ದರಿಂದ ಮೊದಲ ಹೆಜ್ಜೆ ಇಲ್ಲೂ ಇಮೇಲೇ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಎಂಬುದನ್ನು ಒತ್ತಿ, ಫಿಲ್ಟರ್ ಮತ್ತು ಫಾರ್ವರ್ಡಿಂಗ್ ತೆಗೆಯಿರಿ, ರಿಕವರಿ ನಂಬರ್ ನಿಮ್ಮದೇನಾ ನೋಡಿ. ಇದನ್ನು ಬಿಟ್ಟು ಬೆಟ್ಟಿಂಗ್ ಖಾತೆ ರಿಸೆಟ್ ಮಾಡಿದರೆ ಆ ಲಿಂಕನ್ನೂ ಕಳ್ಳನೇ ಒತ್ತುತ್ತಾನೆ.

ಕೂಡಲೇ ಕಂಪನಿಯ ಸಹಾಯ ವಿಭಾಗಕ್ಕೆ ಹೋಗಿ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್‌ನೊಳಗಿನ ಅಥವಾ ಅಸಲಿ ಸೈಟಿನ ಚಾಟ್‌ನಿಂದ ಹೋಗಿ. ಕಥೆಯನ್ನು ಆಮೇಲೆ ಹೇಳಬಹುದು, ಮೊದಲ ಸಾಲೇ ಹೀಗಿರಲಿ: "ನನ್ನ ಖಾತೆಯಲ್ಲಿ ಬೇರೆ ಯಾರೋ ಇದ್ದಾರೆ, ವಿತ್‌ಡ್ರಾವಲ್ ಈಗಲೇ ನಿಲ್ಲಿಸಿ." ಇನ್ನೂ ಬಾಕಿ ಎಂದು ತೋರಿಸುತ್ತಿರುವ ಹಣವನ್ನು ತಡೆಯುವ ಅವಕಾಶ ಇರುತ್ತದೆ, ಹೋದ ಮೇಲೆ ಕಷ್ಟ. ಯೂಸರ್ ಹೆಸರು, ನೀವು ಕೊನೆಯದಾಗಿ ಮಾಡಿದ ಜಮೆಯ ಮೊತ್ತ ಮತ್ತು ದಿನ, ನಿಮ್ಮದಲ್ಲದ ವ್ಯವಹಾರದ ಸಮಯ, ಇಷ್ಟನ್ನು ಕೈಲಿಟ್ಟುಕೊಳ್ಳಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕಳ್ಳ ತನ್ನ ಫೋನಿಗೆ ಟೂ-ಫ್ಯಾಕ್ಟರ್ ಹಾಕಿದ್ದರೆ ಅದನ್ನು ಕಂಪನಿಯೇ ತೆಗೆಯಬೇಕು, ಅದಕ್ಕೆ ಗುರುತಿನ ದಾಖಲೆಯೋ ಸೆಲ್ಫಿಯೋ ಕೇಳುತ್ತಾರೆ. ಅದನ್ನು ಸೈಟಿನ ಅಪ್‌ಲೋಡ್ ಪುಟದಲ್ಲೇ ಕೊಡಿ.

ಆಮೇಲೆ ಕಾರ್ಡ್ ಅಥವಾ ವ್ಯಾಲೆಟ್ ಕೊಟ್ಟವರಿಗೆ ಹೇಳಿ. ಖಾತೆಯಲ್ಲಿ ಉಳಿಸಿಟ್ಟ ನಿಮ್ಮ ಕಾರ್ಡಿನಿಂದ ಕಳ್ಳ ಹಣ ಜಮೆ ಮಾಡಿದ್ದರೆ ಆ ವ್ಯವಹಾರಗಳಿಗೆ ತಕರಾರು ಹಾಕಬಹುದು. ಆದರೆ ಕೋಪದಲ್ಲಿ, ಹಿಂದೆ ನೀವೇ ಮಾಡಿದ್ದ ಜಮೆಗಳಿಗೂ ತಕರಾರು ಹಾಕಬೇಡಿ. ಅದು ಸುಳ್ಳು ದೂರಾಗುತ್ತದೆ, ನಿಜವಾದ ದೂರೂ ಅದರ ಜೊತೆ ಕೆಡುತ್ತದೆ. ಪೊಲೀಸರ ಸೈಬರ್ ವಿಭಾಗಕ್ಕೂ ದೂರು ಕೊಡಿ, ಬ್ಯಾಂಕಿನವರು ಅದರ ಪ್ರತಿ ಕೇಳಬಹುದು.

ಖಾತೆ ವಾಪಸ್ ಬಂದ ದಿನ ನಾವಿಬ್ಬರೂ ಕೂತು ಒಂದೊಂದೇ ಪುಟ ತೆರೆದೆವು. ಗೊತ್ತಿಲ್ಲದ ವ್ಯಾಲೆಟ್ ತೆಗೆದೆವು. ಎಲ್ಲ ಲಾಗಿನ್‌ಗಳನ್ನು ಮುಚ್ಚಿಸಿದೆವು. ಟೂ-ಫ್ಯಾಕ್ಟರ್ ಆಫ್ ಮಾಡಿ ಹೊಸ ಕ್ಯೂಆರ್‌ನಿಂದ ಮತ್ತೆ ಆನ್ ಮಾಡಿದೆವು, ಹಳೆಯ ಗುಟ್ಟು ಮತ್ತು ಹಳೆಯ ಬ್ಯಾಕಪ್ ಕೋಡುಗಳು ಬಳಕೆಯಲ್ಲಿ ಉಳಿಯದಿರಲಿ ಎಂದು. ಜಮೆಯ ಮಿತಿಯ ಪುಟವನ್ನು ನೋಡಲು ಮರೆಯುವವರೇ ಜಾಸ್ತಿ. ದಿನಕ್ಕೆ ಇಷ್ಟೇ ಎಂದು ಅವನು ಹಾಕಿಕೊಂಡಿದ್ದ ಮಿತಿಯನ್ನು ಏರಿಸುವ ಕೋರಿಕೆ ಅಲ್ಲಿ ಬಾಕಿ ಕೂತಿತ್ತು. ರದ್ದು ಮಾಡಿದೆವು.

ಹಣದ ವಿಷಯಕ್ಕೆ ಬಂದರೆ, ಡ್ರಾಫ್ಟ್‌ಕಿಂಗ್ಸ್ ಅಂದು ಗ್ರಾಹಕರ ನಷ್ಟ ತುಂಬಿಕೊಡುವುದಾಗಿ ಹೇಳಿತ್ತು. ಎಲ್ಲರೂ ಹಾಗೆ ಮಾಡುವುದಿಲ್ಲ, ಕೋಡನ್ನು ನೀವೇ ಕೊಟ್ಟಿದ್ದೀರಿ ಎಂದು ಕೈ ತೊಳೆದುಕೊಳ್ಳುವುದೂ ಇದೆ. ಗೆಳೆಯನಿಗೆ ಬಾಕಿ ಇದ್ದ ಒಂದು ವಿತ್‌ಡ್ರಾವಲ್ ಉಳಿಯಿತು, ಅದಕ್ಕೆ ಮೊದಲಿನದು ಹೋಯಿತು. ಅದರ ಬಗ್ಗೆ ಅವನು ಒಂದು ಗುಂಪಿನಲ್ಲಿ ಬೇಸರದಿಂದ ಬರೆದುಕೊಂಡ. ಮರುದಿನವೇ ಯಾರೋ ಅಪರಿಚಿತರು ಮೆಸೇಜ್ ಮಾಡಿ, ಕಳೆದುಹೋದ ಹಣ ವಾಪಸ್ ತಂದುಕೊಡುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದರು. ಈ ಸಲ ಅವನು ಉತ್ತರ ಕೊಡಲಿಲ್ಲ, ಆ ನಂಬರನ್ನು ಬ್ಲಾಕ್ ಮಾಡಿ ನನಗೆ ತೋರಿಸಿದ.