ಪಶುವೈದ್ಯರನ್ನು ಸಂಘದ ಸಭೆಗೆ ಪರಿಚಯಿಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಾಲಿನ ಸೊಸೈಟಿಗಳಲ್ಲಿ ಸಭೆ ಕರೆಯಲು ಒಳ್ಳೆಯ ಹೊತ್ತು ಬೆಳಗ್ಗಿನ ಹಾಲು ಹಾಕಿ ಮುಗಿದ ಮೇಲೆ. ಮಧ್ಯಾಹ್ನ ಮತ್ತೆ ಹಾಲು ಕರೆಯಲು ಎಲ್ಲರೂ ಹಟ್ಟಿಗೆ ಓಡಬೇಕು. ಹಾಗಾಗಿ ಅಧ್ಯಕ್ಷರ ಸ್ವಾಗತ ನಾಲ್ಕು ನಿಮಿಷ ದಾಟಬಾರದು.

ಮೊದಲು ಸಂಘದ ಹಾಲಿನ ಪರೀಕ್ಷೆಯ ಪುಸ್ತಕ ತೆರೆಯಿರಿ. ಮಳೆ ಶುರುವಾದ ಮೇಲೆ ಕೆಲವರ ಹಾಲಿನ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಶೇಕಡಾ 8.3ಕ್ಕಿಂತ ಕೆಳಗೆ ಬರುತ್ತಿದೆ ಎಂದುಕೊಳ್ಳಿ. ಹಸು ಮೇವು ತಿನ್ನುತ್ತದೆ, ಕೆಚ್ಚಲು ಊದಿಲ್ಲ, ಹಾಲಿನಲ್ಲಿ ಗಡ್ಡೆ ಇಲ್ಲ. ಹೊರಗೆ ಕಾಣದ ಕೆಚ್ಚಲು ಬಾವು ಇರಬಹುದು. ಆದರೆ ಮೇವಿನ ಕೊರತೆಯಿಂದಲೂ ಎಸ್‌ಎನ್‌ಎಫ್ ಇಳಿಯುತ್ತದೆ. ಕಾರಣ ಹೇಳುವುದು ಡಾಕ್ಟರ ಕೆಲಸ. ಭಾಷಣದಲ್ಲಿ ನೀವು ಪ್ರಶ್ನೆಯನ್ನಷ್ಟೇ ಇಡಿ.

ಆಮೇಲೆ ಡಾಕ್ಟರಿಗೆ ಫೋನ್ ಮಾಡಿ. ಅವರ ಪದವಿಗಳ ಪಟ್ಟಿ ಬೇಡ. ಈಗ ಎಲ್ಲಿ ಕೆಲಸ, ಈ ತೊಂದರೆಯಲ್ಲಿ ಏನು ಅನುಭವ, ಏನು ತೋರಿಸುತ್ತಾರೆ ಎಂದು ಕೇಳಿ. ಅವರು ಮಲಯಾಳದಲ್ಲೇ ಮಾತಾಡುವುದಾದರೆ ಕನ್ನಡಕ್ಕೆ ಹೇಳುವವರನ್ನು ಆಗಲೇ ಗೊತ್ತುಮಾಡಿ. ಹಸು ಸಾಕಿದವರೇ ಆದರೆ ಒಳ್ಳೆಯದು.

ಮಾತು ಹೀಗಿರಬಹುದು:

"ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಮ್ಮಲ್ಲಿ ಹಲವರಿಗೆ ಹಾಲಿನ ರೇಟು ಕಡಿಮೆ ಸಿಕ್ಕಿದೆ. ಹಸು ನೋಡಿದರೆ ಏನೂ ಆಗಿಲ್ಲ. ಹಾಗಾದರೆ ತೊಂದರೆ ಎಲ್ಲಿದೆ? ಇದನ್ನು ತಿಳಿಸಲು ಡಾಕ್ಟ್ರು ಬಂದಿದ್ದಾರೆ. ಕೆಚ್ಚಲಿನ ರೋಗಗಳಲ್ಲಿ ಅವರಿಗೆ ವರ್ಷಗಳ ಅನುಭವ. ಇವತ್ತು ನಾಲ್ಕು ಗುಳಿಯ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ಪರೀಕ್ಷಿಸಿ ತೋರಿಸುತ್ತಾರೆ. ಮದ್ದು ಬೆರೆಸಿದಾಗ ಹಾಲು ಲೋಳೆಯಾದರೆ ಆ ಮೊಲೆಯ ಕಡೆ ಬಾವು ಇರುವ ಸೂಚನೆ. ಡಾಕ್ಟ್ರೇ, ನಮ್ಮ ಸಂಘಕ್ಕೆ ಸ್ವಾಗತ."

ಇಷ್ಟು ಸಾಕು. ಸ್ವಾಗತದಲ್ಲಿ ಯಾರ ಹಾಲು ಕಡಿಮೆ ಬಂತೆಂದು ಹೆಸರು ಹೇಳಲೇಬೇಡಿ. ನೀರು ಸೇರಿಸಿದ್ದಾರೆ ಎಂಬ ಅನುಮಾನ ಅವರ ಮೇಲೆ ಬೀಳುತ್ತದೆ, ಆಮೇಲೆ ಅವರು ಸಭೆಗೇ ಬರುವುದಿಲ್ಲ. ಉಚಿತ ಮದ್ದಿನ ಭರವಸೆಯೂ ಬೇಡ.

ಪರೀಕ್ಷೆಗೆ ಹಾಲು ತರಲು ಹಿಂದಿನ ದಿನವೇ ತಿಳಿಸಿ. ಇಲ್ಲಿ ತಪ್ಪಾಗುವುದು ಜಾಸ್ತಿ. ಎಲ್ಲ ಮೊಲೆಯ ಹಾಲನ್ನು ಒಂದೇ ಬಾಟಲಿಗೆ ತುಂಬಿ ತಂದರೆ ಒಂದು ಮೊಲೆಯ ಬಾವು ಉಳಿದ ಮೂರರ ಹಾಲಿನಲ್ಲಿ ಅಡಗಿಬಿಡಬಹುದು. ಮೊದಲ ಕೆಲವು ಧಾರೆ ಬಿಟ್ಟು, ನಾಲ್ಕು ಶುಚಿಯಾದ ಬಾಟಲಿಗಳಲ್ಲಿ ಬೇರೆ ಬೇರೆ ತರಬೇಕು. ಯಾವುದು ಎಡ, ಯಾವುದು ಬಲ, ಮುಂದಿನದೋ ಹಿಂದಿನದೋ ಎಂದು ಬರೆದಿರಬೇಕು.

ಡಾಕ್ಟರ ಮಾತು ಮುಗಿದ ಕೂಡಲೇ ಮೊದಲ ಪ್ರಶ್ನೆ ಅಧ್ಯಕ್ಷರೇ ಕೇಳಲಿ: "ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಎಷ್ಟು ದಿನ ಹಾಲು ಸೊಸೈಟಿಗೆ ಹಾಕಬಾರದು?" ಮದ್ದಿನಿಂದ ಮದ್ದಿಗೆ ಈ ಅವಧಿ ಬದಲಾಗುತ್ತದೆ. ಅಷ್ಟು ದಿನದ ಆದಾಯ ಹೋಗುವುದರಿಂದ ಸದಸ್ಯರು ತಾವಾಗಿ ಕೇಳಲು ಹಿಂಜರಿಯುತ್ತಾರೆ.