ಮುಲುಂಡಿನ ಬಾಲ್ಕನಿ, ಎದುರು ಕಟ್ಟಡದ ಸಜ್ಜಾ

ಮುಂಬೈಯ ಮುಲುಂಡಿನಲ್ಲಿ ನಾಲ್ಕನೆಯ ಮಹಡಿಯ ಮನೆ. ನವೀಕರಣಕ್ಕೆ ಮುಂಚೆ ಬಾಲ್ಕನಿ ಹೇಗೆ ಕಾಣುತ್ತದೆಂದು 3D ತಂತ್ರಾಂಶ ಬ್ಲೆಂಡರ್‌ನಲ್ಲಿ ಮಾಡಿ ತೋರಿಸಿದೆ. ಹೊರಚಾಚಿದ ಗ್ರಿಲ್, ಚಾವಣಿಯಿಂದ ಹಗ್ಗದಲ್ಲಿ ಇಳಿಯುವ ಬಟ್ಟೆಯ ಸಲಾಕೆಗಳು, ತುಳಸಿ, ಬಣ್ಣದ ಡಬ್ಬದಲ್ಲಿ ಮನಿಪ್ಲಾಂಟ್ ಎಲ್ಲವೂ ಇದ್ದವು. ಮನೆಯೊಡತಿ ಕುಂದಾಪುರದವರು. ಒಂದು ನಿಮಿಷ ನೋಡಿ, "ಚಂದವಿದೆ ಮಾರಾಯರೇ, ಆದರೆ ಇದು ನೆಲಮಹಡಿಯ ಮನೆಯ ಹಾಗಿದೆಯಲ್ಲ" ಎಂದರು.

ಗ್ರಿಲ್ಲಿಗಾಗಿ ಎರಡು ದಿನ ಬೆವರು ಸುರಿಸಿದ್ದ ನನಗೆ ಸಿಟ್ಟು ಬಂತು. ಆದರೆ ಅವರ ಮಾತು ನಿಜವಾಗಿತ್ತು. ಎದುರು ಕಟ್ಟಡದ ಫೋಟೋವನ್ನು ನಾನು ರಸ್ತೆಯಲ್ಲಿ ನಿಂತು ತೆಗೆದು ಗ್ರಿಲ್ಲಿನ ಹಿಂದೆ ಅಂಟಿಸಿದ್ದೆ. ಅದರಲ್ಲಿ ಐದೂ ಅಂತಸ್ತುಗಳ ಕಿಟಕಿ ಸಜ್ಜಾಗಳ ಅಡಿಭಾಗವೇ ಕಾಣುತ್ತಿತ್ತು. ಲೆಕ್ಕ ಹಾಕಿ ನೋಡಿ: ಅಂತಸ್ತಿಗೆ ಮೂರು ಮೀಟರ್ ಎಂದರೆ ನಾಲ್ಕನೆಯ ಮಹಡಿಯ ನೆಲ 12 ಮೀಟರ್ ಎತ್ತರದಲ್ಲಿದೆ, ನಿಂತವರ ಕಣ್ಣು 13.5ರಲ್ಲಿ. ಎದುರಿನ ನಾಲ್ಕನೆಯ ಮಹಡಿಯ ಸಜ್ಜಾ ಸುಮಾರು 14.1ರಲ್ಲಿರುವುದರಿಂದ ಅದೊಂದರ ಅಡಿಭಾಗ ಕಾಣಬೇಕು. ಕೆಳಗಿನ ನಾಲ್ಕರದ್ದು ಮೇಲ್ಭಾಗ ಕಾಣಬೇಕು: ಪಾಚಿ, ಪಾರಿವಾಳದ ಹಿಕ್ಕೆ, ಯಾರದೋ ಜಾರಿಬಿದ್ದ ಕರವಸ್ತ್ರ.

ಮರುದಿನ ಅವರ ಬಾಲ್ಕನಿಗೇ ಹೋದೆ. ಸಂಜೆ ನಾಲ್ಕೂವರೆಗೆ ಗ್ರಿಲ್ಲಿನ ಸಂದಿಯಿಂದ ಮೊಬೈಲನ್ನು ಕಣ್ಣಿನ ಎತ್ತರದಲ್ಲಿ, ಮೇಲೆ ಕೆಳಗೆ ವಾಲಿಸದೆ ಹಿಡಿದು ಫೋಟೋ ತೆಗೆದೆ. ಹೊತ್ತು ನೋಡಿ ಹೋದದ್ದಕ್ಕೂ ಕಾರಣವಿತ್ತು. ಬಾಲ್ಕನಿ ಪಶ್ಚಿಮಕ್ಕಿದೆ, ಗ್ರಿಲ್ಲಿನ ನೆರಳು ನೆಲದ ಮೇಲೆ ಬೀಳುವುದು ಸಂಜೆಯ ಬಿಸಿಲಿಗೆ. ಎದುರು ಕಟ್ಟಡ ನಮಗೆ ತೋರಿಸುವುದು ತನ್ನ ಪೂರ್ವದ ಗೋಡೆಯನ್ನು, ಸಂಜೆ ಅದು ನೆರಳಿನಲ್ಲಿರುತ್ತದೆ. ನನ್ನ ಮೊದಲ ಚಿತ್ರದಲ್ಲಿ ಬಾಲ್ಕನಿಗೂ ಆ ಗೋಡೆಗೂ ಏಕಕಾಲಕ್ಕೆ ಬಿಸಿಲು ಹೊಡೆಯುತ್ತಿತ್ತು, ಎರಡು ಸೂರ್ಯರಿದ್ದಂತೆ!

ಫೋಟೋ ಸರಿಯಾದರೂ ಒಂದು ತೊಡಕು ಉಳಿಯಿತು. ಅವರಿಗೆ ಎರಡು ಕೋನಗಳ ಚಿತ್ರ ಬೇಕಿತ್ತು. ಕ್ಯಾಮೆರಾವನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿದರೆ ಹತ್ತು ಮೀಟರ್ ದೂರದ ಕಟ್ಟಡದ ಸಜ್ಜಾಗಳು ಗೋಡೆಗೆ ಅಂಟಿದ ಬಣ್ಣದ ಪಟ್ಟಿಗಳಾಗಿಬಿಡುತ್ತಿದ್ದವು. ಹಾಗಾಗಿ ಆ ಕಟ್ಟಡವನ್ನು ಸರಳ ಪೆಟ್ಟಿಗೆಯಾಗಿ ಕಟ್ಟಿ, ಸಜ್ಜಾಗಳನ್ನು ಅರ್ಧ ಮೀಟರಿನಷ್ಟು ಹೊರಗೆಳೆದು, ಫೋಟೋವನ್ನು ಅದರ ಮೇಲೆ ಹೊದಿಸಿದೆ. ಮಬ್ಬಿನಲ್ಲಿರುವ ದೂರದ ಗೋಪುರಗಳನ್ನು ಮಾತ್ರ ಚಪ್ಪಟೆ ಫೋಟೋದಲ್ಲೇ ಬಿಟ್ಟೆ, ಅಷ್ಟು ದೂರದಲ್ಲಿ ಆ ಅಂತರ ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಚಪ್ಪಟೆ ಹಾಳೆ ಬೂದಿಬಣ್ಣಕ್ಕೆ ತಿರುಗಿತ್ತು, ಏಕೆಂದರೆ ಮೊಬೈಲು ಒಮ್ಮೆ ಹದಗೊಳಿಸಿದ ಚಿತ್ರವನ್ನು ಬ್ಲೆಂಡರಿನ ಬಣ್ಣ ಹೊಂದಿಸುವ ವ್ಯವಸ್ಥೆಯಾದ AgX ಮತ್ತೊಮ್ಮೆ ಹದಗೊಳಿಸುತ್ತಿತ್ತು. ಹಾಳೆ ಹೊಮ್ಮಿಸುವ ಬೆಳಕಿನ ತೀವ್ರತೆಯನ್ನು, ಅಂದರೆ Emission Strength ಅನ್ನು ಒಂದರಿಂದ ಮೂರರವರೆಗೆ ಏರಿಸಿದ ಮೇಲೆ ಆಕಾಶ ಬೆಳಗಿತು.

ಈ ಸಲ ಮನೆಯೊಡತಿ ಎದುರಿನ ಮೂರನೆಯ ಮಹಡಿಯ ಸಜ್ಜಾ ನೋಡಿ, "ಆ ಕರವಸ್ತ್ರ ನಮ್ಮದೇ" ಎಂದರು.