ನೀರಿನ ಮೇಲೆ ಹಿಡಿದ ಜಲಜನಕ: ಕೋಲಾರದಲ್ಲಿ 760 ಏಕೆ ಹೊಂದುವುದಿಲ್ಲ

ಮೆಗ್ನೀಸಿಯಂ ಪಟ್ಟಿಯ ಚೂರನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೊರಬರುವ ಜಲಜನಕವನ್ನು ನೀರಿನ ಮೇಲೆ ಹಿಡಿದು ಅಳೆಯುವ ಪ್ರಯೋಗವನ್ನು ಕೋಲಾರದ ಶಾಲೆಯಲ್ಲಿ ಮಾಡಿದರೆ, ಲೆಕ್ಕ ಹಾಕುವಾಗ ಒಂದು ವಿಚಿತ್ರ ಎದುರಾಗುತ್ತದೆ. ಹಾಕಿದ ಲೋಹದಿಂದ ಬರಬೇಕಾದುದಕ್ಕಿಂತ ಹೆಚ್ಚು ಜಲಜನಕ ಬಂದಂತೆ ಉತ್ತರ ತೋರುತ್ತದೆ. ತಪ್ಪು ಸಾಮಾನ್ಯವಾಗಿ ಕೈಯಲ್ಲಿರುವುದಿಲ್ಲ. ಸೂತ್ರದಲ್ಲಿ ಒತ್ತಡದ ಜಾಗಕ್ಕೆ ಹಾಕಿದ ಸಂಖ್ಯೆಯಲ್ಲಿರುತ್ತದೆ.

ಕೊಳವೆಯಲ್ಲಿ ಸೇರಿದ್ದು ಬರೀ ಜಲಜನಕವಲ್ಲ. ಕೆಳಗಿನ ನೀರಿನಿಂದ ಆವಿ ಎದ್ದು ಅದರೊಡನೆ ಬೆರೆತಿರುತ್ತದೆ. ಇಂಥ ಮಿಶ್ರಣದ ಬಗ್ಗೆ ಜಾನ್ ಡಾಲ್ಟನ್ 1801ರಲ್ಲಿ ಹೇಳಿದ ನಿಯಮ ಸರಳವಾಗಿದೆ: ಪರಸ್ಪರ ವರ್ತಿಸದ ಅನಿಲಗಳು ಒಂದೇ ಪಾತ್ರೆಯಲ್ಲಿದ್ದಾಗ, ಪ್ರತಿಯೊಂದೂ ತಾನೊಂದೇ ಆ ಪಾತ್ರೆಯನ್ನೆಲ್ಲ ತುಂಬಿಕೊಂಡಿದ್ದರೆ ಎಷ್ಟು ಒತ್ತುತ್ತಿತ್ತೋ ಅಷ್ಟೇ ಒತ್ತುತ್ತದೆ, ಮತ್ತು ಈ ಆಂಶಿಕ ಒತ್ತಡಗಳ ಮೊತ್ತವೇ ಒಟ್ಟು ಒತ್ತಡ. ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ಕೊಳವೆಯ 40 ಮಿಲಿಲೀಟರಿನಲ್ಲಿ ಒಂದೂವರೆ ಮಿಲಿಲೀಟರ್ ಜಾಗ ಆವಿಯದು, ಉಳಿದದ್ದು ಜಲಜನಕದ್ದು ಎಂದು ಅವರು ಜಾಗವನ್ನು ಪಾಲು ಮಾಡುತ್ತಾರೆ. ವಾಸ್ತವದಲ್ಲಿ ಎರಡಕ್ಕೂ ಪೂರ್ತಿ 40 ಮಿಲಿಲೀಟರ್ ಇದೆ. ಪಾಲಾಗುವುದು ಒತ್ತಡ ಮಾತ್ರ. ಆವಿಯ ಪಾಲು ನೀರಿನ ಉಷ್ಣತೆಯನ್ನಷ್ಟೇ ಅವಲಂಬಿಸಿರುತ್ತದೆ, ಜಲಜನಕ ಎಷ್ಟಿದ್ದರೂ ಅದು ಬದಲಾಗುವುದಿಲ್ಲ. ಆದ್ದರಿಂದಲೇ ಅದನ್ನು ಅಳೆಯಬೇಕಾಗಿಲ್ಲ, ಕೋಷ್ಟಕದಲ್ಲಿ ನೋಡಿದರೆ ಸಾಕು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 17.5 ಮಿಲಿಮೀಟರ್ ಪಾದರಸ, 27ರಲ್ಲಿ 26.7, 35ರಲ್ಲಿ 42.2.

ಪ್ರಯೋಗದ ಹಿಂದಿನ ಸಂಜೆಯೇ ಒಂದು ಬಕೆಟ್ ನೀರನ್ನು ಕೊಠಡಿಯೊಳಗೆ ಇಟ್ಟುಬಿಡಬೇಕು. ಮಾರ್ಚ್ ತಿಂಗಳ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು ಕೊಠಡಿಯ ಗಾಳಿಗಿಂತ ಎಷ್ಟೋ ಬಿಸಿಯಾಗಿರುತ್ತದೆ. ನಮ್ಮ ಕಡೆಯ ಆಳದ ಕೊಳವೆಬಾವಿಯ ನೀರಿನಲ್ಲಾದರೆ ಕರಗಿದ ಅನಿಲವಿದ್ದು, ಅದು ನಿಧಾನವಾಗಿ ಗುಳ್ಳೆಗಳಾಗಿ ಬಿಡುಗಡೆಯಾಗುತ್ತದೆ. ರಾತ್ರಿಯಿಡೀ ನಿಂತರೆ ಎರಡು ತೊಂದರೆಯೂ ಬಹುಮಟ್ಟಿಗೆ ಕಳೆಯುತ್ತವೆ.

ಮೆಗ್ನೀಸಿಯಂ ಪಟ್ಟಿಯನ್ನು ಹೊಳಪು ಬರುವವರೆಗೆ ಮರಳು ಕಾಗದದಿಂದ ಉಜ್ಜಿ, ಮೇಲಿನ ಆಕ್ಸೈಡ್ ಪದರವನ್ನು ತೆಗೆಯಬೇಕು. ಬೇಕಾಗಿರುವುದು 0.036 ಗ್ರಾಂ ಮಾತ್ರ, ಅದನ್ನು ಶಾಲೆಯ ತಕ್ಕಡಿ ನಂಬುವಂತೆ ತೂಗಲಾರದು. ಹಾಗಾಗಿ ಉಜ್ಜಿದ ಒಂದು ಮೀಟರ್ ಪಟ್ಟಿಯನ್ನು ತೂಗಿ, ಉದ್ದದ ಲೆಕ್ಕದಲ್ಲಿ ಕತ್ತರಿಸುವುದು ಜಾಣತನ. ಮೀಟರಿಗೆ ಒಂದು ಗ್ರಾಂ ಬಂದರೆ 3.6 ಸೆಂಟಿಮೀಟರ್ ಚೂರು ಸಾಕು. ಅದನ್ನು ಸುರುಳಿ ಸುತ್ತಿ ತೆಳು ತಾಮ್ರದ ತಂತಿಯ ಗೂಡಿನಲ್ಲಿ ಕಟ್ಟಿಡಬೇಕು, ಇಲ್ಲವಾದರೆ ಅರ್ಧ ಕರಗಿದ ಚೂರು ಗುಳ್ಳೆಗಳೊಡನೆ ಮೇಲೆ ತೇಲಿಹೋಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ.

ಒಂದು ತುದಿ ಮುಚ್ಚಿರುವ, ಅಳತೆ ಗೆರೆಗಳುಳ್ಳ 50 ಮಿಲಿಲೀಟರ್ ಗಾಜಿನ ಕೊಳವೆಗೆ ಸುಮಾರು 10 ಮಿಲಿಲೀಟರ್ ಸಾರರಿಕ್ತ ಆಮ್ಲ ಹಾಕಿ, ಅದರ ಮೇಲೆ ಗೋಡೆಯ ಗುಂಟ ನೀರನ್ನು ಮೆಲ್ಲಗೆ ಇಳಿಬಿಟ್ಟು ಅಂಚಿನವರೆಗೂ ತುಂಬಬೇಕು. ತಂತಿಯ ಗೂಡನ್ನು ಬಾಯಿಯ ಬಳಿ ತೂಗುವಂತೆ ಸಿಕ್ಕಿಸಿ, ಒಂದು ತೂತಿರುವ ಬಿರಡೆಯಿಂದ ಮುಚ್ಚಿ, ಕೈಗವಸು ತೊಟ್ಟ ಬೆರಳನ್ನು ತೂತಿನ ಮೇಲಿಟ್ಟು, ಕೊಳವೆಯನ್ನು ಬಕೆಟ್ಟಿನ ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬೆರಳು ತೆಗೆಯಬೇಕು. ನೀರಿಗಿಂತ ಸಾಂದ್ರವಾದ ಆಮ್ಲ ತಾನಾಗಿಯೇ ಕೆಳಗಿಳಿದು ಲೋಹವನ್ನು ತಲುಪುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಸುತ್ತ ಎಲ್ಲಿಯೂ ಉರಿ ಬೇಡ. ಕೊಳವೆ ಇಲ್ಲವೆಂದು ಬ್ಯುರೆಟ್ಟನ್ನು ತಲೆಕೆಳಗು ಮಾಡುವವರಿದ್ದಾರೆ. ಅದರ ಕೊನೆಯ ಗೆರೆಗೂ ತಿರುಪಿಗೂ ನಡುವೆ ಗುರುತಿಲ್ಲದ ಜಾಗವಿದ್ದು, ಅದನ್ನು ಮೊದಲೇ ನೀರು ತುಂಬಿ ಅಳೆದಿಟ್ಟುಕೊಳ್ಳದಿದ್ದರೆ ಉತ್ತರ ಕೆಡುತ್ತದೆ.

ಗುಳ್ಳೆಗಳು ನಿಂತ ಮೇಲೆ ಹತ್ತು ನಿಮಿಷ ಕಾಯಬೇಕು, ಏಕೆಂದರೆ ಈ ಕ್ರಿಯೆ ಶಾಖವನ್ನು ಹೊರಬಿಡುತ್ತದೆ. ನಂತರ ಕೊಳವೆಯನ್ನು ಮೇಲೆ ಕೆಳಗೆ ಸರಿಸಿ, ಒಳಗಿನ ನೀರಿನ ಮಟ್ಟವೂ ಹೊರಗಿನ ಮಟ್ಟವೂ ಒಂದೇ ಆಗುವಂತೆ ಹಿಡಿದು ಗೆರೆ ಓದಬೇಕು. ಆಗ ಮಾತ್ರ ಒಳಗಿನ ಒಟ್ಟು ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ. ಒಳಗಿನ ನೀರು 13.6 ಸೆಂಟಿಮೀಟರ್ ಎತ್ತರದಲ್ಲಿ ನಿಂತಿದ್ದರೆ ಒಳಗಿನ ಒತ್ತಡ 10 ಮಿಲಿಮೀಟರ್ ಪಾದರಸದಷ್ಟು ಕಡಿಮೆ ಎಂದರ್ಥ. ನೀರಿನ ಉಷ್ಣತೆಯನ್ನೂ ಆಗಲೇ ಬರೆದುಕೊಳ್ಳಬೇಕು.

ಇನ್ನುಳಿದದ್ದು ಹೊರಗಿನ ಒತ್ತಡ, ಕೋಲಾರದವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಪಠ್ಯದ 760 ಮಿಲಿಮೀಟರ್ ಸಮುದ್ರಮಟ್ಟದ್ದು. ಕೋಲಾರ ಪಟ್ಟಣ ಸುಮಾರು 820 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಒತ್ತಡ ಸುಮಾರು 690 ಮಿಲಿಮೀಟರ್ ಮಾತ್ರ. ಮೊಬೈಲಿನ ಹವಾಮಾನ ಆ್ಯಪ್ ನೋಡಿದರೆ 1010ರ ಆಸುಪಾಸಿನ ಹೆಕ್ಟೋಪ್ಯಾಸ್ಕಲ್ ಸಂಖ್ಯೆ ಕಾಣಿಸಬಹುದು. ಅದು ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳಿದ ಒತ್ತಡವಾದ್ದರಿಂದ ನಮ್ಮ ಕೊಳವೆಗೆ ಉಪಯೋಗವಿಲ್ಲ. ಒತ್ತಡ ಅಳೆಯುವ ಸಂವೇದಕವಿರುವ ಫೋನಾದರೆ ಸುಮಾರು 920 ತೋರಿಸುತ್ತದೆ, ಅದನ್ನು 0.75ರಿಂದ ಗುಣಿಸಿದರೆ 690 ಸಿಗುತ್ತದೆ. ಒರಟಾದ ತಾಳೆಗೆ ಇನ್ನೊಂದು ದಾರಿಯಿದೆ: ಇಲ್ಲಿ ಶುದ್ಧ ನೀರು 100ರಲ್ಲಲ್ಲ, ಸುಮಾರು 97.3 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದರೆ ಥರ್ಮಾಮೀಟರಿನ ಅರ್ಧ ಡಿಗ್ರಿ ತಪ್ಪು 12–13 ಮಿಲಿಮೀಟರಿನಷ್ಟು ತಪ್ಪಾಗುವುದರಿಂದ, ಲೆಕ್ಕಕ್ಕೆ ಅದನ್ನೇ ನೆಚ್ಚಿಕೊಳ್ಳಬಾರದು.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ನೀರು 27 ಡಿಗ್ರಿಯಲ್ಲಿದೆ, ಅಂದರೆ 300 ಕೆಲ್ವಿನ್. ಮಟ್ಟ ಸಮ ಮಾಡಿದಾಗ ಕೊಳವೆಯಲ್ಲಿ 41.5 ಮಿಲಿಲೀಟರ್ ಇದೆ ಎಂದಿಟ್ಟುಕೊಳ್ಳೋಣ. ಜಲಜನಕದ ಆಂಶಿಕ ಒತ್ತಡ 690 − 26.7 = 663.3 ಮಿಲಿಮೀಟರ್. PV = nRT ಸೂತ್ರದಲ್ಲಿ ಒತ್ತಡ ಮಿಲಿಮೀಟರಿನಲ್ಲಿ, ಗಾತ್ರ ಲೀಟರಿನಲ್ಲಿದ್ದರೆ R ಬೆಲೆ 62.36.

n = (663.3 × 0.0415) ÷ (62.36 × 300) = 0.00147 ಮೋಲ್

ಒಂದು ಮೋಲ್ ಮೆಗ್ನೀಸಿಯಂ ಒಂದು ಮೋಲ್ ಜಲಜನಕ ಕೊಡುತ್ತದೆ. ಆದ್ದರಿಂದ ಇದನ್ನು 24.3ರಿಂದ ಗುಣಿಸಿದರೆ ಕರಗಿದ ಲೋಹ 0.0358 ಗ್ರಾಂ ಎಂದಾಯಿತು. ನಾವು ಹಾಕಿದ್ದು 0.036, ಎರಡೂ ಹೊಂದಿದವು. ಅದೇ ಗಾತ್ರಕ್ಕೆ 690ನ್ನು ಇಟ್ಟುಕೊಂಡು ಆವಿಯನ್ನು ಮರೆತಿದ್ದರೆ 0.0372 ಬರುತ್ತಿತ್ತು. ಎರಡನ್ನೂ ಮರೆತು 760 ಹಾಕಿದ್ದರೆ ಉತ್ತರ 0.041 ಗ್ರಾಂ, ಹಾಕಿದ ಲೋಹಕ್ಕಿಂತ ಶೇ 14ರಷ್ಟು ಹೆಚ್ಚು. ಆವಿಯನ್ನು ಕಳೆಯಲು ಎಲ್ಲ ಪುಸ್ತಕಗಳೂ ಹೇಳುತ್ತವೆ, ಆದರೆ ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ತಿದ್ದುಪಡಿ ಎತ್ತರದ್ದು.

ಎರಡೂ ತಿದ್ದುಪಡಿ ಮಾಡಿದ ಮೇಲೂ ಉತ್ತರ ಹೆಚ್ಚಾಗಿ ಬಂದರೆ, ಕೊಳವೆಯನ್ನು ಮಗುಚುವಾಗ ಗಾಳಿಯ ಗುಳ್ಳೆ ಒಳಗೆ ಉಳಿದಿರಬಹುದು, ಇಲ್ಲವೇ ಒತ್ತಡದ ಸಂಖ್ಯೆಯೇ ತಪ್ಪಿರಬಹುದು. ಯಾವುದೆಂದು ತಿಳಿಯಲು ಪಟ್ಟಿಯ ಅರ್ಧ ಉದ್ದದಿಂದ, ಅಂದರೆ 0.018 ಗ್ರಾಂನಿಂದ, ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕು. ಲೆಕ್ಕದಂತೆ ಪೂರ್ತಿ ಚೂರಿಗೆ 41.8 ಮಿಲಿಲೀಟರ್, ಅರ್ಧಕ್ಕೆ 20.9 ಬರಬೇಕು. ಎರಡು ಸಲವೂ ಹೆಚ್ಚುವರಿ ಒಂದೇ, ಒಂದೂವರೆ ಮಿಲಿಲೀಟರಿನಷ್ಟು, ಕಂಡರೆ ಅದು ಪ್ರತಿ ಸಲವೂ ನುಸುಳುತ್ತಿರುವ ಗಾಳಿ. ಚೂರು ಅರ್ಧವಾದಾಗ ಹೆಚ್ಚುವರಿಯೂ ಅರ್ಧವಾದರೆ, ಕೊಳವೆಯನ್ನು ಬಿಟ್ಟು ಒತ್ತಡ, ಉಷ್ಣತೆ ಮತ್ತು ಪಟ್ಟಿಯ ತೂಕವನ್ನು ಮತ್ತೆ ಪರಿಶೀಲಿಸಬೇಕು.